ಆರು ತಿಂಗಳ ರಜೆಗೆ ಔಟ್ ಆಫ್ ಆಫೀಸ್ ಮೆಸೇಜ್: ಯಾರ ಹೆಸರು ಹಾಕಬೇಕು, ಯಾವ ತಾರೀಖು ಬರೆಯಬೇಕು?

ಎರಡು ದಿನ ಊರಿಗೆ ಹೋಗುವಾಗ ಹಾಕುವ ಔಟ್ ಆಫ್ ಆಫೀಸ್ ಮೆಸೇಜ್ ಹೇಗಿದ್ದರೂ ನಡೆಯುತ್ತದೆ. "ಸೋಮವಾರ ಸಿಗುತ್ತೇನೆ" ಅಂದರೆ ಸಾಕು, ಕಾಯುವವರು ಕಾಯುತ್ತಾರೆ. ಆದರೆ ಆರು ತಿಂಗಳಿಗೆ ಹೋಗುವಾಗ ಅದೇ ಮೆಸೇಜನ್ನು ತೆಗೆದು ತಾರೀಖು ಮಾತ್ರ ಬದಲಾಯಿಸಿದರೆ ಏನಾಗುತ್ತದೆ ಅನ್ನುವುದನ್ನು ನಾನು ಅನುಭವಿಸಿಯೇ ತಿಳಿದುಕೊಂಡೆ. ಈಚೆಗೆ ಹೆರಿಗೆ ರಜೆಗೆ ಹೊರಟ ಇಬ್ಬರು, ಓದೋಕೆ ಅಂತ ಒಂದು ವರ್ಷ ಬಿಡುವು ತೆಗೆದುಕೊಂಡ ಒಬ್ಬರು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದರು. ಸಹೋದ್ಯೋಗಿ ಹೆಸರು ಹಾಕೋದಾ, ಬಾಸ್ ಹೆಸರು ಹಾಕೋದಾ, ಇಲ್ಲ ಯಾವುದಾದರೂ ಕಾಮನ್ ಐಡಿ ಕೊಡೋದಾ? ವಾಪಸ್ ಬರುವ ದಿನ ಖಚಿತವಾಗಿ ಹೇಳೋದಾ, ಬೇಡ್ವಾ? ಅವರಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ಕಥೆ, ಯಾಕೆಂದರೆ ಆಮೇಲೆ ಹೇಳುವುದೆಲ್ಲ ಇದರ ಮೇಲೇ ನಿಂತಿದೆ. ನಾನು ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಸಪ್ಲೈಯರ್‌ಗಳ ಬಿಲ್ ತೆಗೆದುಕೊಳ್ಳುವುದು, ಪೇಮೆಂಟ್ ಹಾಕುವುದು, ಟಿಡಿಎಸ್ ಸರ್ಟಿಫಿಕೇಟ್ ಕಳಿಸುವುದು ನನ್ನ ಕೆಲಸ. ನೂರಕ್ಕೂ ಹೆಚ್ಚು ಸಪ್ಲೈಯರ್‌ಗಳು, ಅದರಲ್ಲಿ ಅರ್ಧಕ್ಕರ್ಧ ಜನ ಸಣ್ಣ ವರ್ಕ್‌ಶಾಪ್‌ನವರು. ಅವರಲ್ಲಿ ಹಲವರಿಗೆ ನಮ್ಮ ಕಂಪನಿ ಅಂದರೆ ನನ್ನ ಮೇಲ್ ಐಡಿ, ಅಷ್ಟೇ.

2024ರ ನವೆಂಬರ್ 25ರಿಂದ ಹೆರಿಗೆ ರಜೆ ಅಂತ ಬರೆದುಕೊಟ್ಟಿದ್ದೆ. ಔಟ್‌ಲುಕ್‌ನಲ್ಲಿ ಮೆಸೇಜ್ ಟೈಪ್ ಮಾಡಿ, 25ಕ್ಕೆ ತಾನಾಗಿಯೇ ಶುರುವಾಗುವ ಹಾಗೆ ಟೈಮ್ ಹಾಕಿದ್ದೆ. ಬದಲಿಗೆ ಯಾರು ಅಂದರೆ ಪಕ್ಕದ ಸೀಟಿನ ಹುಡುಗನ ಹೆಸರು, ಅವನ ಮೇಲ್, ಅವನ ಮೊಬೈಲ್. ವಾಪಸ್ ಬರುವ ದಿನ 26 ಮೇ 2025. ಚೆನ್ನಾಗಿಯೇ ಬರೆದಿದ್ದೇನೆ ಅಂದುಕೊಂಡಿದ್ದೆ.

ಮೊದಲ ಎಡವಟ್ಟು ಶುರುವಿಗೇ ಆಯಿತು. ಬಿಪಿ ಏರಿತು ಅಂತ ಡಾಕ್ಟರು 18ರಿಂದಲೇ ರೆಸ್ಟ್ ಅಂದುಬಿಟ್ಟರು. ಮೆಸೇಜ್ ಪಾಪ 25 ಯಾವಾಗ ಬರುತ್ತೆ ಅಂತ ಕಾಯುತ್ತಾ ಕೂತಿತ್ತು. ಆ ಒಂದು ವಾರ ಮೇಲ್ ಹಾಕಿದವರಿಗೆಲ್ಲ ಬರೀ ಮೌನ. ಎರಡನೆಯದು ಇನ್ನೂ ದೊಡ್ಡದು. ಫೆಬ್ರವರಿಯಲ್ಲಿ ಆ ಹುಡುಗ ಬೇರೆ ಕಡೆ ಕೆಲಸ ಸಿಕ್ಕಿತು ಅಂತ ರಾಜೀನಾಮೆ ಕೊಟ್ಟು ಮಾರ್ಚ್ ಮೊದಲ ವಾರ ಹೊರಟೇಹೋದ. ನನ್ನ ಮೆಸೇಜ್ ಮಾತ್ರ ಅವನ ಹೆಸರನ್ನೇ ಹೇಳುತ್ತಿತ್ತು. ಅವನ ಮೇಲ್‌ಬಾಕ್ಸ್ ಯಾರೂ ತೆರೆಯುತ್ತಿರಲಿಲ್ಲ. ಮಾರ್ಚ್ 20ರ ಹೊತ್ತಿಗೆ, ನಟ್ಟು ಬೋಲ್ಟು ಸಪ್ಲೈ ಮಾಡುವ ಒಬ್ಬರು ಎಲ್ಲಿಂದಲೋ ನನ್ನ ಸ್ವಂತ ನಂಬರ್ ಹುಡುಕಿ ಫೋನ್ ಮಾಡಿದರು. "ಮೇಡಂ, ಮಗು ಆರೋಗ್ಯವಾಗಿದೆಯಾ? ತಪ್ಪು ತಿಳ್ಕೋಬೇಡಿ, ಮೇಲ್ ಹಾಕಿ ಹಾಕಿ ಸಾಕಾಯ್ತು." ಅವರ ಬಿಲ್ ಅರವತ್ತು ದಿನ ದಾಟಿತ್ತು. ಸಣ್ಣ ಉದ್ಯಮದವರಿಗೆ ಒಪ್ಪಂದ ಇದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು ಅನ್ನುವುದು ಕಾನೂನು. ತಡವಾದ ಬಿಲ್ಲನ್ನು ಮಾರ್ಚ್ 31ರೊಳಗೂ ತೀರಿಸದಿದ್ದರೆ ಆ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ಅದನ್ನು ಖರ್ಚು ಅಂತ ತೋರಿಸುವ ಹಾಗಿಲ್ಲ. ಹಾಗಾಗಿ ಅವರಿಗೂ ತಲೆಬಿಸಿ, ನಮ್ಮ ಆಡಿಟರ್‌ಗೂ ತಲೆಬಿಸಿ.

ಇಷ್ಟೆಲ್ಲ ಆದದ್ದು ನಾಲ್ಕು ಸಾಲಿನ ಮೆಸೇಜಿನಿಂದ. ಹಾಗಾದರೆ ಆ ನಾಲ್ಕು ಸಾಲನ್ನು ಯಾವ ಅಳತೆಯಲ್ಲಿ ತೂಗಬೇಕು?

ಅಳತೆಗೋಲು

ನಾನು ಈಗ ನಾಲ್ಕು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಒಂದು, ನಾನು ಕೊಟ್ಟ ವಿಳಾಸ ನಾನು ವಾಪಸ್ ಬರುವವರೆಗೂ ಬದುಕಿರುತ್ತದಾ? ಬೇರೆಲ್ಲಕ್ಕಿಂತ ಇದು ಮುಖ್ಯ. ಒಂದು ವಾರದ ರಜೆಯಲ್ಲಿ ಈ ಪ್ರಶ್ನೆ ಹುಟ್ಟುವುದೇ ಇಲ್ಲ, ಆರು ತಿಂಗಳಲ್ಲಿ ಜನ ಕೆಲಸ ಬಿಡುತ್ತಾರೆ, ಡಿಪಾರ್ಟ್‌ಮೆಂಟ್ ಬದಲಾಗುತ್ತದೆ, ಅವರಿಗೂ ರಜೆ ಬೇಕಾಗುತ್ತದೆ. ಎರಡು, ಮೇಲ್ ಹಾಕಿದವರಿಗೆ ಮುಂದೇನು ಮಾಡಬೇಕು ಅಂತ ಒಂದೇ ಸಲಕ್ಕೆ ಗೊತ್ತಾಗುತ್ತದಾ? ಮೂರು, ನನ್ನ ಜಾಗದಲ್ಲಿ ಇರುವವರ ಮೇಲೆ ಎಷ್ಟು ಭಾರ ಬೀಳುತ್ತದೆ? ನಾಲ್ಕು, ಗುರುತಿಲ್ಲದವರಿಗೆ ನಾನು ಎಷ್ಟು ವಿಷಯ ಬಿಟ್ಟುಕೊಡುತ್ತಿದ್ದೇನೆ? ಮೆಸೇಜ್ ತಾನಾಗಿಯೇ ಹೋಗುತ್ತದೆ, ಮೇಲ್ ಹಾಕಿದವರು ಯಾರು ಅಂತ ಅದು ನೋಡುವುದಿಲ್ಲ. ಅದನ್ನು ಮರೆಯಬೇಡಿ.

ತಾರೀಖಿನ ವಿಷಯ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಒಬ್ಬರ ಹೆಸರು

ಎಲ್ಲರೂ ಮಾಡುವುದು ಇದನ್ನೇ. ಇದರಲ್ಲಿ ಒಳ್ಳೆಯದೂ ಇದೆ. ಹೆಸರು ಕಂಡರೆ ಮೇಲ್ ಹಾಕುವವರಿಗೆ ಧೈರ್ಯ ಬರುತ್ತದೆ, ಜವಾಬ್ದಾರಿ ಯಾರದು ಅನ್ನುವುದೂ ಸ್ಪಷ್ಟ. ಖರ್ಚಿಲ್ಲ, ಐಟಿಯವರ ಹತ್ತಿರ ಹೋಗಬೇಕಾಗಿಲ್ಲ. ಒಂದು ತಿಂಗಳವರೆಗಿನ ರಜೆಗೆ ನಾನು ಈಗಲೂ ಇದನ್ನೇ ಹೇಳುತ್ತೇನೆ.

ಅದಕ್ಕಿಂತ ಉದ್ದದ ರಜೆಗೆ ಇದು ಸೋಲುವುದು ಮೊದಲ ಪ್ರಶ್ನೆಯಲ್ಲೇ. ಆ ವ್ಯಕ್ತಿ ಹೋದರೆ ಮೆಸೇಜ್ ಸುಳ್ಳಾಗುತ್ತದೆ, ಸುಳ್ಳಾಗಿದೆ ಅಂತ ನಿಮಗೆ ಗೊತ್ತಾಗುವುದೂ ಇಲ್ಲ, ಯಾಕೆಂದರೆ ನೀವು ಮನೆಯಲ್ಲಿ ಮಗುವಿಗೆ ಉಗುರುಬೆಚ್ಚಗಿನ ನೀರು ಹುಯ್ಯುತ್ತಿರುತ್ತೀರಿ. ಇನ್ನೊಂದು ತೊಂದರೆ ನನಗೆ ತಡವಾಗಿ ಹೊಳೆಯಿತು. ಒಮ್ಮೆ ಆ ಹುಡುಗನ ಐಡಿ ಸಿಕ್ಕ ಮೇಲೆ ಸಪ್ಲೈಯರ್‌ಗಳು ನೇರವಾಗಿ ಅವನಿಗೇ ಬರೆಯತೊಡಗಿದರು. ಅಂದರೆ ನನ್ನ ಮೆಸೇಜನ್ನು ಸರಿಮಾಡಿದರೂ ಅವರ ಕಣ್ಣಿಗೆ ಅದು ಬೀಳುವುದಿಲ್ಲ. ನನ್ನ ಐಡಿಗೆ ಅವರು ಬರೆದರೆ ತಾನೇ ಉತ್ತರ ಹೋಗುವುದು?

ಒಬ್ಬರದೇ ಹೆಸರು ಹಾಕುವುದು ಅನಿವಾರ್ಯವಾದರೆ ಅವರ ಮೊಬೈಲ್ ನಂಬರ್ ಹಾಕಲೇಬೇಡಿ. ಆ ಹುಡುಗ ಕೆಲಸ ಬಿಟ್ಟು ಎರಡು ತಿಂಗಳಾದರೂ ನಮ್ಮ ಸಪ್ಲೈಯರ್‌ಗಳ ಫೋನ್ ಎತ್ತುತ್ತಿದ್ದ. ನಾನು ಸಿಹಿ ಕೊಟ್ಟು ಕ್ಷಮೆ ಕೇಳಬೇಕಾಯಿತು.

ವಿಷಯಕ್ಕೊಬ್ಬರಂತೆ ಮೂರು ನಾಲ್ಕು ಹೆಸರು

ಪೇಮೆಂಟ್‌ಗೆ ಇವರು, ಟಿಡಿಎಸ್‌ಗೆ ಅವರು, ಪರ್ಚೇಸ್ ಆರ್ಡರ್‌ಗೆ ಮತ್ತೊಬ್ಬರು. ನೋಡೋಕೆ ಅಚ್ಚುಕಟ್ಟು, ಭಾರವೂ ಹಂಚಿಹೋಗುತ್ತದೆ. ಆಫೀಸಿನ ಒಳಗಿನವರಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಯಾಕೆಂದರೆ ಒಳಗಿನವರಿಗೆ ತಮ್ಮ ಪ್ರಶ್ನೆ ಯಾವ ಡಬ್ಬಿಗೆ ಸೇರುತ್ತದೆ ಅಂತ ಗೊತ್ತು.

ಹೊರಗಿನವರಿಗೆ ಹಾಗಲ್ಲ. "ದುಡ್ಡು ಕಡಿಮೆ ಬಂದಿದೆ" ಅನ್ನುವ ಒಬ್ಬ ಸಪ್ಲೈಯರ್ ಇದ್ದಾರೆ ಅನ್ನಿ. ಅದು ಟಿಡಿಎಸ್ ಕಡಿತವೋ, ರಿಜೆಕ್ಟ್ ಆದ ಮಾಲಿನ ಡೆಬಿಟ್ ನೋಟೋ, ಬಿಲ್ ಪೂರ್ತಿ ಪಾಸಾಗಿಲ್ಲವೋ ಅವರಿಗೆ ಹೇಗೆ ಗೊತ್ತಾಗಬೇಕು? ಅವರು ಮೂವರಿಗೂ ಮೇಲ್ ಹಾಕುತ್ತಾರೆ. ಮೂವರೂ ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಅಂತ ಬಿಡುತ್ತಾರೆ. ಜೊತೆಗೆ ಮೂರು ಹೆಸರಿದ್ದರೆ ಆರು ತಿಂಗಳಲ್ಲಿ ಒಂದಾದರೂ ಹಳತಾಗುವ ಸಾಧ್ಯತೆ ಇನ್ನೂ ಜಾಸ್ತಿ.

ಇದರಲ್ಲಿ ಭಯಪಡಬೇಕಾದ ವಿಷಯವೂ ಇದೆ. ಯಾವ ಕೆಲಸ ಯಾರು ಮಾಡುತ್ತಾರೆ, ಹಳಬರು ಎಲ್ಲಿಯವರೆಗೆ ಇರುವುದಿಲ್ಲ ಅನ್ನುವುದನ್ನು ನೀವೇ ಪಟ್ಟಿ ಮಾಡಿ ಕೊಟ್ಟ ಹಾಗಾಗುತ್ತದೆ. ಮೋಸಗಾರರಿಗೆ ಬೇಕಾಗಿರುವುದು ಅದೇ. ಸಪ್ಲೈಯರ್ ಹೆಸರಿನಲ್ಲಿ ಹೊಸಬರಿಗೆ ಒಂದು ಮೇಲ್ ಬರುತ್ತದೆ. "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಮೇಡಂ ರಜೆಗೆ ಹೋಗುವ ಮೊದಲೇ ಒಪ್ಪಿದ್ದರು." ಮೇಡಂ ರಜೆಯಲ್ಲಿದ್ದಾರೆ, ಕೇಳುವ ಹಾಗಿಲ್ಲ, ಹೊಸಬರಿಗೆ ಸಂಕೋಚ. ದುಡ್ಡು ನೋಡಿಕೊಳ್ಳುವ ಸೀಟಿನಲ್ಲಿ ಇರುವವರು ಹೊರಗಿನವರಿಗೆ ಹೋಗುವ ಮೆಸೇಜಿನಲ್ಲಿ ಹೆಸರಿನ ಪಟ್ಟಿ ಹಾಕಲೇಬೇಡಿ ಅನ್ನುವುದು ನನ್ನ ಮಾತು.

ಬಾಸ್ ಹೆಸರು

ಬೇಗ ಮುಗಿಸುತ್ತೇನೆ. ಬಾಸ್ ಸಾಮಾನ್ಯವಾಗಿ ಕೆಲಸ ಬಿಡುವುದಿಲ್ಲ, ಹಾಗಾಗಿ ವಿಳಾಸ ಬಾಳುತ್ತದೆ. ಆದರೆ ಅವರಿಗೆ ದಿನಕ್ಕೆ ಬರುವ ನೂರೈವತ್ತು ಮೇಲ್‌ಗಳಲ್ಲಿ ನಿಮ್ಮ ಸಪ್ಲೈಯರ್‌ನ ಟಿಡಿಎಸ್ ಪ್ರಶ್ನೆ ಮುಳುಗಿಹೋಗುತ್ತದೆ. ಅದೂ ಅಲ್ಲದೆ ಸಣ್ಣ ವರ್ಕ್‌ಶಾಪ್‌ನವರು ಮ್ಯಾನೇಜರ್‌ಗೆ ಬರೆಯಲು ಹಿಂಜರಿಯುತ್ತಾರೆ. ಬಾಸ್ ಹೆಸರು ಒಳಗಿನವರ ಮೆಸೇಜಿನಲ್ಲಿ, ಅದೂ ಕೊನೆಯ ಸಾಲಿನಲ್ಲಿ ಇರಲಿ. ಬೇರೆ ದಾರಿಯೇ ಕಾಣದಿದ್ದಾಗ ಅವರು.

ಕಾಮನ್ ಮೇಲ್ ಐಡಿ

ಮಾರ್ಚ್ ಗಲಾಟೆಯ ನಂತರ ನಾವು ಇದಕ್ಕೇ ಬಂದೆವು. accounts@ ಅಂತ ಒಂದು ಐಡಿ, ಅದನ್ನು ಇಬ್ಬರು ಮೂವರು ತೆರೆಯಬಹುದು. ಯಾರು ಬಂದರೂ ಹೋದರೂ ವಿಳಾಸ ಬದಲಾಗುವುದಿಲ್ಲ. ಒಳಗೆ ಯಾರು ನೋಡುತ್ತಾರೆ ಅನ್ನುವುದನ್ನು ಬದಲಾಯಿಸಿದರೆ ಸಾಕು, ನನ್ನ ಮೆಸೇಜನ್ನು ಮುಟ್ಟಬೇಕಾಗಿಲ್ಲ. ಮೊದಲ ಪ್ರಶ್ನೆಗೂ ನಾಲ್ಕನೆಯ ಪ್ರಶ್ನೆಗೂ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಕಂಡಿಲ್ಲ.

ಖರ್ಚಿನ ಭಯ ಬೇಡ. ಆಫೀಸಿನಲ್ಲಿ ಮೈಕ್ರೋಸಾಫ್ಟ್ 365 ಇದ್ದರೆ 50 ಜಿಬಿವರೆಗಿನ ಶೇರ್ಡ್ ಮೇಲ್‌ಬಾಕ್ಸಿಗೆ ಬೇರೆ ಲೈಸೆನ್ಸ್ ಬೇಕಾಗಿಲ್ಲ, ಅದನ್ನು ತೆರೆಯುವವರಿಗೆ ತಮ್ಮ ಲೈಸೆನ್ಸ್ ಇದ್ದರೆ ಆಯಿತು. ಗೂಗಲ್ ವರ್ಕ್‌ಸ್ಪೇಸ್ ಇದ್ದರೆ ಒಂದು ಗ್ರೂಪ್ ಮಾಡಿ ಅದನ್ನೇ ಹೀಗೆ ಬಳಸಬಹುದು. ಗೂಗಲ್ ಗ್ರೂಪ್‌ನಲ್ಲಿ ಒಂದು ಹಳ್ಳ ಇದೆ, ನೋಡಿಕೊಳ್ಳಿ: ಹೊರಗಿನವರು ಬರೆಯಲು ಅನುಮತಿ ಇಲ್ಲದಿದ್ದರೆ ಅವರ ಮೇಲ್ ಒಳಗೇ ಬರುವುದಿಲ್ಲ. ಸೆಟ್ಟಿಂಗ್‌ನಲ್ಲಿ `Who can post` ಎದುರು `Anyone on the web` ಇರಬೇಕು. ಆಫೀಸಿನ ಐಡಿಯಿಂದ ಟೆಸ್ಟ್ ಮಾಡಿ "ಬಂತಲ್ಲ" ಅಂತ ಬಿಟ್ಟುಬಿಟ್ಟರೆ ಇದು ಗೊತ್ತೇ ಆಗುವುದಿಲ್ಲ. ನಿಮ್ಮ ಸ್ವಂತ ಜಿಮೇಲ್‌ನಿಂದ ಒಂದು ಮೇಲ್ ಹಾಕಿ ನೋಡಿ.

ಇದರ ದೋಷ ಏನು ಅಂದರೆ, ಎಲ್ಲರದೂ ಆದದ್ದು ಯಾರದೂ ಅಲ್ಲ. ಮನೆಮಂದಿಗೆಲ್ಲ ಸೇರಿದ ಗಿಡಕ್ಕೆ ನೀರು ಹಾಕುವವರು ಯಾರು? ನಮ್ಮಲ್ಲೂ ಮೊದಲ ಎರಡು ವಾರ ಹಾಗೇ ಆಯಿತು. ಆಮೇಲೆ ಸೋಮವಾರ ಇವರು, ಗುರುವಾರ ಇವರು ಅಂತ ದಿನ ಹಂಚಿದರು. ಆ ದಿನಗಳನ್ನು ಮೆಸೇಜಿನಲ್ಲೂ ಬರೆದೆವು. ಸಪ್ಲೈಯರ್‌ಗಳ ಫೋನ್ ಕರೆಗಳು ಕಡಿಮೆಯಾದದ್ದು ಅದರಿಂದಲೇ. ನಾಳೆ ನೋಡುತ್ತಾರೆ ಅಂತ ಗೊತ್ತಿದ್ದರೆ ಇವತ್ತು ಯಾರೂ ಫೋನ್ ಮಾಡುವುದಿಲ್ಲ.

ಎಲ್ಲವನ್ನೂ ಫಾರ್ವರ್ಡ್ ಮಾಡಿಬಿಡುವುದು

"ಮೆಸೇಜೇ ಬೇಡ, ಬಂದದ್ದೆಲ್ಲ ಇನ್ನೊಬ್ಬರಿಗೆ ಹೋಗಲಿ" ಅನ್ನುವವರೂ ಇದ್ದಾರೆ. ಮೇಲ್ ಹಾಕಿದವರಿಗೆ ಇದರಷ್ಟು ಸುಲಭ ಇನ್ನೊಂದಿಲ್ಲ, ಅವರು ಏನೂ ಮಾಡಬೇಕಾಗಿಲ್ಲ. ಆದರೆ ನಿಮ್ಮ ಸಂಬಳದ ಚೀಟಿ, ಎಚ್‌ಆರ್ ಪತ್ರ, ಆಸ್ಪತ್ರೆ ಇನ್ಶೂರೆನ್ಸ್ ಕ್ಲೇಮಿನ ಮೇಲ್ ಎಲ್ಲವೂ ಆ ಸಹೋದ್ಯೋಗಿಗೆ ಹೋಗುತ್ತದೆ. ಹೆರಿಗೆ ರಜೆಯಲ್ಲಿ ಇವೇ ಜಾಸ್ತಿ ಬರುವುದು! ಬೇಕಾದರೆ ಸಪ್ಲೈಯರ್‌ಗಳ ಮೇಲ್ ಮಾತ್ರ ಕಾಮನ್ ಐಡಿಗೆ ಹೋಗುವ ಹಾಗೆ ರೂಲ್ ಹಾಕಬಹುದು, ಆದರೆ ನೂರು ವಿಳಾಸದ ಪಟ್ಟಿ ಮಾಡುವಷ್ಟು ತಾಳ್ಮೆ ಬೇಕು. ನನಗಿರಲಿಲ್ಲ.

ಫಾರ್ವರ್ಡ್ ಮಾಡದಿದ್ದರೆ ಅದನ್ನು ಬಾಯಿಬಿಟ್ಟು ಹೇಳಲೇಬೇಕು. "ಈ ಮೇಲ್ ಯಾರೂ ಓದುವುದಿಲ್ಲ, ದಯವಿಟ್ಟು ಇನ್ನೊಮ್ಮೆ ಅಲ್ಲಿಗೆ ಕಳಿಸಿ." ಎಷ್ಟೋ ಮೆಸೇಜುಗಳಲ್ಲಿ ಈ ಸಾಲೇ ಇರುವುದಿಲ್ಲ. ತನ್ನ ಬಿಲ್ ಯಾರಿಗೋ ತಲುಪಿರುತ್ತದೆ ಅಂತ ಕಳಿಸಿದವರು ನಂಬಿಕೊಂಡಿರುತ್ತಾರೆ. ಜರ್ಮನಿಯ ಡೈಮ್ಲರ್ ಕಂಪನಿ ಇದನ್ನು ತುದಿಗೇ ಒಯ್ದಿತ್ತು. ರಜೆಯಲ್ಲಿದ್ದಾಗ ಬಂದ ಮೇಲ್ ಅಳಿಸಿಹೋಗುವಂಥ ವ್ಯವಸ್ಥೆ ಅಲ್ಲಿನ ನೌಕರರಿಗೆ ಇದೆ ಅಂತ 2014ರಲ್ಲಿ ಸುದ್ದಿಯಾಗಿತ್ತು. ಕಳಿಸಿದವರಿಗೆ ಅಳಿಸಿದ ವಿಷಯವೂ, ಬದಲಿಗೆ ಯಾರನ್ನು ಕೇಳಬೇಕು ಅನ್ನುವುದೂ ಹೋಗುತ್ತಿತ್ತು. ನಮ್ಮಲ್ಲಿ ಆಡಿಟರ್ ಒಪ್ಪುವುದಿಲ್ಲ ಬಿಡಿ. ಆದರೆ ಆ ಸ್ಪಷ್ಟತೆಯನ್ನು ನಾವೂ ತೆಗೆದುಕೊಳ್ಳಬಹುದು.

ವಾಪಸ್ ಬರುವ ತಾರೀಖು

ಈಗ ತಾರೀಖಿಗೆ ಬರೋಣ. ಇಲ್ಲಿ ಮೂರು ದಾರಿ: ಖಚಿತ ದಿನ, ತಿಂಗಳು ಮಾತ್ರ, ಏನೂ ಹೇಳದಿರುವುದು.

ಹೆರಿಗೆ ರಜೆ 2017ರ ತಿದ್ದುಪಡಿಯಿಂದ 26 ವಾರ. ಈಗಾಗಲೇ ಎರಡು ಮಕ್ಕಳಿದ್ದರೆ 12 ವಾರ. ಹೆರಿಗೆಗೆ ಮುಂಚೆ ಹೆಚ್ಚೆಂದರೆ 8 ವಾರ ತೆಗೆದುಕೊಳ್ಳಬಹುದು. 26 ವಾರ ಅಂದರೆ 182 ದಿನ, ಹಾಗಾಗಿ ನವೆಂಬರ್ 25, ಸೋಮವಾರ ಶುರುವಾದರೆ ಮೇ 26, ಸೋಮವಾರ ವಾಪಸ್. ಲೆಕ್ಕ ಇಷ್ಟು ಸಲೀಸು ಅಂತ ನಾನು ಆ ದಿನವನ್ನೇ ಬರೆದಿದ್ದೆ. ಆಮೇಲೆ ರಜೆ 18ಕ್ಕೇ ಶುರುವಾಯಿತು, ಲೆಕ್ಕ ಮೇ 19ಕ್ಕೆ ಬಂತು. ಅಷ್ಟರಲ್ಲಿ ಮಗುವನ್ನು ನೋಡಿಕೊಳ್ಳಲು ಬರಬೇಕಾಗಿದ್ದ ಅತ್ತೆಗೆ ಮಂಡಿ ನೋವು, ಇನ್ನು ಮೂರು ವಾರ ಗಳಿಕೆ ರಜೆ ಸೇರಿಸಿದೆ. ಕೊನೆಗೆ ಆಫೀಸಿಗೆ ಕಾಲಿಟ್ಟದ್ದು ಜೂನ್ 9ಕ್ಕೆ. ಒಂದೇ ರಜೆಗೆ ಮೂರು ತಾರೀಖು, ಮತ್ತು ಮೆಸೇಜಿನಲ್ಲಿದ್ದದ್ದು ಮೂರರಲ್ಲಿ ಮೊದಲನೆಯದು. ಮೇ 26ಕ್ಕೆ ಅಂತಲೇ ಕಾದು ಕೂತು ಅವತ್ತು ಬೆಳಗ್ಗೆ ಫೋನ್ ಮಾಡಿದವರು ಇಬ್ಬರು.

ಖಚಿತ ದಿನ ಬರೆದರೆ ಇನ್ನೊಂದು ತೊಂದರೆ ಇದೆ. ಜನ ಬದಲಿ ವಿಳಾಸಕ್ಕೆ ಬರೆಯದೆ ಸುಮ್ನೆ ಕಾಯುತ್ತಾರೆ. ಏಪ್ರಿಲ್‌ನಲ್ಲಿ ಮೇಲ್ ಹಾಕಿದವರಿಗೆ "ಮೇ 26" ಹತ್ತಿರವೇ ಅನ್ನಿಸುತ್ತದೆ, "ಮೇಡಂ ಬಂದ ಮೇಲೆ ಅವರನ್ನೇ ಕೇಳಿದರಾಯಿತು" ಅಂದುಕೊಳ್ಳುತ್ತಾರೆ. ಅವರ ಬಿಲ್ ಮಾತ್ರ ಅಲ್ಲೇ ಇರುತ್ತದೆ.

ಹಾಗಂತ ಏನೂ ಹೇಳದಿದ್ದರೆ? "ಸದ್ಯಕ್ಕೆ ಲಭ್ಯವಿಲ್ಲ" ಅಂದರೆ ಎರಡು ದಿನವೋ ಎರಡು ವರ್ಷವೋ ಗೊತ್ತಾಗುವುದಿಲ್ಲ. ಕೆಲಸ ಬಿಟ್ಟಿದ್ದಾರೆ ಅಂತಲೂ ಗುಲ್ಲೆದ್ದೀತು. ಕಾಯಿಲೆಯ ರಜೆಯಲ್ಲಿ ಮಾತ್ರ ಇದು ಸರಿ, ಯಾಕೆಂದರೆ ಅಲ್ಲಿ ಡಾಕ್ಟರಿಗೂ ದಿನ ಗೊತ್ತಿರುವುದಿಲ್ಲ. ಆಗಲೂ "ಮೂರು ತಿಂಗಳಾದರೂ ಇರುವುದಿಲ್ಲ" ಅಂತ ಕನಿಷ್ಠ ಅವಧಿ ಹೇಳಿದರೆ ಕೇಳುವವರಿಗೆ ಉಪಕಾರ.

ನಾನು ಈಗ ಮಾಡುವುದು ಹೀಗೆ. ಹೊರಗಿನವರಿಗೆ ತಿಂಗಳು ಮಾತ್ರ, ಅದೂ ಲೆಕ್ಕಕ್ಕೆ ಬಂದ ದಿನಕ್ಕೆ ಎರಡು ವಾರ ಸೇರಿಸಿ. ಮೇ 26 ಅಂತ ಲೆಕ್ಕ ಬಂದರೆ "ಜೂನ್ 2025" ಅಂತ ಬರೆಯಿರಿ. ವರ್ಷ ಬಿಡಬೇಡಿ, ನವೆಂಬರಿನಲ್ಲಿ ಬರೀ ಜೂನ್ ಅಂದರೆ ಓದುವವರು ಒಂದು ಕ್ಷಣ ತಡವರಿಸುತ್ತಾರೆ. ಒಳಗಿನವರಿಗೆ "ಜೂನ್ ಎರಡನೇ ವಾರದ ಹೊತ್ತಿಗೆ" ಅಂತ ಇನ್ನೂ ಹತ್ತಿರದ ಅಂದಾಜು ಕೊಡಬಹುದು, ಅವರು ಮೀಟಿಂಗ್ ಇಟ್ಟುಕೊಳ್ಳಬೇಕು, ಪ್ಲಾನ್ ಮಾಡಬೇಕು. ಯಾವ ರಜೆ ಅಂತಲೂ ಒಳಗಿನವರಿಗೆ ಹೇಳಿದರೆ ಸಾಕು. ಹೊರಗಿನವರಿಗೆ "ದೀರ್ಘ ರಜೆ" ಅನ್ನುವುದೇ ಧಾರಾಳ.

ಮೆಸೇಜ್ ಹೋಗಿದೆಯಾ, ಎಷ್ಟು ಸಲ ಹೋಗುತ್ತದೆ?

ಇದು ಬಹಳ ಜನಕ್ಕೆ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ಆಫೀಸಿನ ಔಟ್‌ಲುಕ್ ಒಬ್ಬರಿಗೆ ಒಂದೇ ಸಲ ಉತ್ತರ ಕಳಿಸುತ್ತದೆ. ನವೆಂಬರಿನಲ್ಲಿ ಒಮ್ಮೆ ಉತ್ತರ ಪಡೆದವರು ಏಪ್ರಿಲಿನಲ್ಲಿ ಮತ್ತೆ ಬರೆದರೆ ಅವರಿಗೆ ಏನೂ ಬರುವುದಿಲ್ಲ. ಐದು ತಿಂಗಳ ಹಿಂದಿನ ಆಟೋ ರಿಪ್ಲೈ ಯಾರಿಗೆ ನೆನಪಿರುತ್ತದೆ? ಮೆಸೇಜನ್ನು ಒಮ್ಮೆ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಆ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಹಾಗಾಗಿ ತಿಂಗಳಿಗೊಮ್ಮೆ ಆಫ್ ಮಾಡಿ ಆನ್ ಮಾಡುವುದು ಒಳ್ಳೆಯದು. ಫೋನಿನ ಔಟ್‌ಲುಕ್ ಆಪ್‌ನಿಂದಲೇ ಆಗುತ್ತದೆ, ಎರಡು ನಿಮಿಷದ ಕೆಲಸ.

ಜಿಮೇಲಿನ `Vacation responder` ಈ ವಿಷಯದಲ್ಲಿ ಉದ್ದ ರಜೆಗೆ ಹೆಚ್ಚು ಹೊಂದುತ್ತದೆ. ಅದೇ ವ್ಯಕ್ತಿ ನಾಲ್ಕು ದಿನದ ನಂತರ ಮತ್ತೆ ಬರೆದರೆ ಮತ್ತೆ ಉತ್ತರ ಹೋಗುತ್ತದೆ. ಮೆಸೇಜನ್ನು ತಿದ್ದಿದರೂ ಎಣಿಕೆ ಹೊಸದಾಗುತ್ತದೆ. ಸ್ಪ್ಯಾಮ್‌ಗೆ ಬಿದ್ದ ಮೇಲ್‌ಗೆ ಮಾತ್ರ ಉತ್ತರ ಹೋಗುವುದಿಲ್ಲ.

ಇನ್ನೊಂದು ಜಾಗದಲ್ಲಿ ಯಾರು ಎಡವಿದರೂ ಆಶ್ಚರ್ಯವಿಲ್ಲ. ಔಟ್‌ಲುಕ್‌ನಲ್ಲಿ ಒಳಗಿನವರಿಗೆ ಒಂದು, ಹೊರಗಿನವರಿಗೆ ಒಂದು ಮೆಸೇಜ್ ಬೇರೆ ಬೇರೆ ಬರೆಯಬೇಕು. ಹೊರಗಿನದರಲ್ಲಿ ಕಾಂಟ್ಯಾಕ್ಟ್‌ನಲ್ಲಿ ಇರುವವರಿಗೆ ಮಾತ್ರ ಅನ್ನುವ ಆಯ್ಕೆಯೂ ಇದೆ. ಅದನ್ನು ಒತ್ತಿದರೆ ನೀವು ಕಾಂಟ್ಯಾಕ್ಟ್ ಅಂತ ಸೇವ್ ಮಾಡಿಕೊಳ್ಳದ ಸಪ್ಲೈಯರ್‌ಗೆ ಉತ್ತರ ಹೋಗುವುದಿಲ್ಲ. ಜಿಮೇಲಿನಲ್ಲೂ ಇಂಥದೇ ಒಂದು ಟಿಕ್ ಇದೆ. ಗುರುತಿಲ್ಲದವರಿಂದ ದೂರ ಇರಬೇಕು ಅನ್ನುವವರಿಗೆ ಅದು ಸರಿ, ಬಿಲ್ ನೋಡುವ ಸೀಟಿಗೆ ಸರಿಯಲ್ಲ.

ಶುರುವಾಗುವ ದಿನವನ್ನು ಮೊದಲೇ ಹಾಕಿಟ್ಟರೆ ಏನಾಗುತ್ತದೆ ಅಂತ ನೋಡಿದಿರಿ. ಹೆರಿಗೆ ಕ್ಯಾಲೆಂಡರ್ ನೋಡಿ ಬರುವುದಿಲ್ಲ. ಮೆಸೇಜನ್ನು ಹೋಗುವುದಕ್ಕೆ ತಿಂಗಳ ಮೊದಲೇ ಬರೆದು ಐಟಿಯವರಿಗೂ ಒಂದು ಪ್ರತಿ ಕೊಟ್ಟಿಡಿ. ನೀವು ಆಸ್ಪತ್ರೆಯಲ್ಲಿದ್ದರೂ ಅಡ್ಮಿನ್ ಆದವರು ತಮ್ಮ ಕಡೆಯಿಂದ ಹೀಗೆ ಆನ್ ಮಾಡಬಹುದು:

```
Set-MailboxAutoReplyConfiguration -Identity user@example.com -AutoReplyState Enabled -ExternalAudience All -InternalMessage "..." -ExternalMessage "..."
```

`Enabled` ಇರುವ ಜಾಗದಲ್ಲಿ `Disabled` ಅಂತ ಹಾಕಿ ಒಮ್ಮೆ ಓಡಿಸಿದರೆ ಆಫ್ ಆಗುತ್ತದೆ. ಮಾರ್ಚ್‌ನಲ್ಲಿ ನಮ್ಮ ಐಟಿ ಹುಡುಗನಿಗೆ ವಾಟ್ಸಾಪ್‌ನಲ್ಲಿ ಹೊಸ ಮೆಸೇಜ್ ಕಳಿಸಿದ್ದೆ, ಅವನು ಆಫ್ ಮಾಡಿ ಆನ್ ಮಾಡಿದ್ದು ಹೀಗೇ.

ಮುಗಿಯುವ ದಿನವನ್ನು ಹಾಕಲೇಬೇಡಿ. ರಜೆ ಮುಂದಕ್ಕೆ ಹೋದರೆ ಮೆಸೇಜ್ ಮಾತ್ರ ಹಳೆಯ ದಿನಕ್ಕೇ ನಿಂತುಹೋಗುತ್ತದೆ, ಮತ್ತೆ ಅದೇ ಮೌನ.

ಹೊರಗಿನವರಿಗೆ ಈಗ ನಾನು ಬರೆಯುವ ಮೆಸೇಜ್

> ನಮಸ್ಕಾರ,
>
> ಬಿಲ್, ಪೇಮೆಂಟ್, ಟಿಡಿಎಸ್ ವಿಷಯಕ್ಕೆ ದಯವಿಟ್ಟು accounts@example.com ಗೆ ಬರೆಯಿರಿ. ಸೋಮವಾರ ಮತ್ತು ಗುರುವಾರ ಅಲ್ಲಿಯ ಮೇಲ್ ನೋಡುತ್ತಾರೆ.
>
> ನಾನು ದೀರ್ಘ ರಜೆಯಲ್ಲಿದ್ದೇನೆ. ಜೂನ್ 2025ರಲ್ಲಿ ಮರಳುವ ಅಂದಾಜಿದೆ. ಅಲ್ಲಿಯವರೆಗೆ ಈ ಐಡಿಗೆ ಬಂದ ಮೇಲ್ ಯಾರೂ ಓದುವುದಿಲ್ಲ, ಬೇರೆಯವರಿಗೆ ತಾನಾಗಿ ಹೋಗುವುದೂ ಇಲ್ಲ. ಈಗ ಕಳಿಸಿದ್ದನ್ನೇ ಮೇಲಿನ ಐಡಿಗೆ ಇನ್ನೊಮ್ಮೆ ಕಳಿಸಿ.
>
> ಒಂದು ವಾರದಲ್ಲಿ ಉತ್ತರ ಬರದಿದ್ದರೆ ಆಫೀಸಿನ ಲ್ಯಾಂಡ್‌ಲೈನ್‌ಗೆ ಕರೆ ಮಾಡಿ, ಅಕೌಂಟ್ಸ್ ಅಂತ ಕೇಳಿ.
>
> ಬ್ಯಾಂಕ್ ಖಾತೆ ಬದಲಾವಣೆಯನ್ನು ಮೇಲ್ ಮೂಲಕ ಒಪ್ಪುವುದಿಲ್ಲ.

ಬದಲಿ ವಿಳಾಸ ಮೊದಲ ಸಾಲಿನಲ್ಲೇ ಇರುವುದನ್ನು ನೋಡಿ. ಫೋನಿನಲ್ಲಿ ಮೇಲ್ ತೆರೆಯುವ ಮೊದಲು ಕಾಣುವುದು ಒಂದೆರಡು ಸಾಲು ಮಾತ್ರ. ಅಲ್ಲಿ "ನಿಮ್ಮ ಮೇಲ್‌ಗೆ ಧನ್ಯವಾದಗಳು, ನಾನು ಪ್ರಸ್ತುತ" ಅಂತ ಇದ್ದರೆ ಅರ್ಧ ಜನ ಮುಂದೆ ಓದುವುದೇ ಇಲ್ಲ. ಬೇರೆ ರಾಜ್ಯದ ಸಪ್ಲೈಯರ್‌ಗಳಿದ್ದರೆ ಇದೇ ಮಾತನ್ನು ಇಂಗ್ಲಿಷಿನಲ್ಲಿ ಕೆಳಗೆ ಸೇರಿಸಿ. ನಮ್ಮ ಅರ್ಧಕ್ಕರ್ಧ ಸಪ್ಲೈಯರ್‌ಗಳು ಕನ್ನಡದವರಾದ್ದರಿಂದ ಮೇಲೆ ಕನ್ನಡ ಇಟ್ಟೆ.

ನಿಮ್ಮದು ಬೇರೆ ಪರಿಸ್ಥಿತಿಯಾದರೆ

ಒಬ್ಬರೇ ನಡೆಸುವ ಕೆಲಸ, ಅಂದರೆ ಸಣ್ಣ ಟ್ಯಾಕ್ಸ್ ಪ್ರಾಕ್ಟೀಸ್, ಡಿಸೈನ್ ಕೆಲಸ ಇಂಥವು ಇದ್ದರೆ ಕಾಮನ್ ಐಡಿಯ ಮಾತು ಹೊಂದುವುದಿಲ್ಲ, ಅದನ್ನು ತೆರೆಯಲು ಇನ್ನೊಬ್ಬರು ಬೇಕಲ್ಲ. ಅಲ್ಲಿ ಇನ್ನೊಬ್ಬ ವೃತ್ತಿಬಾಂಧವರ ಹೆಸರು ಹಾಕಬೇಕಾಗುತ್ತದೆ. ಅವರನ್ನು ಕೇಳಿ ಒಪ್ಪಿಸಿಯೇ ಹಾಕಿ, ಎಲ್ಲಿಯವರೆಗೆ ಅಂತಲೂ ಮಾತಾಡಿಕೊಳ್ಳಿ. ಯಾರೂ ಸಿಗದಿದ್ದರೆ "ಇಂಥ ತಿಂಗಳವರೆಗೆ ಹೊಸ ಕೆಲಸ ತೆಗೆದುಕೊಳ್ಳುವುದಿಲ್ಲ" ಅಂತ ನೇರವಾಗಿ ಬರೆಯುವುದೇ ಮೇಲು. ನಿಮ್ಮ ಕ್ಲೈಂಟ್ ಬೇರೆ ಕಡೆ ಹೋಗಬಹುದು, ಹೌದು. ಆದರೆ ರಿಟರ್ನ್ ಹಾಕುವ ಕೊನೆಯ ದಿನ ದಾಟಿ ಬೈದುಕೊಂಡು ಹೋಗುವುದಕ್ಕಿಂತ ಅದು ವಾಸಿ.

ಓದಲು ಹೋಗುವವರಿಗೆ ತಾರೀಖು ಗಟ್ಟಿ ಇರುತ್ತದೆ, ಹಾಗಾಗಿ ಅವರು ಖಚಿತವಾಗಿ ಬರೆದರೂ ನಷ್ಟವಿಲ್ಲ. ಅವರ ತೊಂದರೆ ಬೇರೆ: ಒಂದು ವರ್ಷದ ನಂತರ ಅದೇ ಕುರ್ಚಿಗೆ ವಾಪಸ್ ಬರುತ್ತಾರೆ ಅನ್ನುವ ಭರವಸೆ ಇಲ್ಲ. ಅಂಥವರು "ಇಂಥ ತಿಂಗಳು ಕಂಪನಿಗೆ ಮರಳುತ್ತೇನೆ" ಅನ್ನಲಿ, ಈ ವಿಷಯ ಇನ್ನು ಮುಂದೆ ಯಾರದು ಅನ್ನುವುದನ್ನು ಬೇರೆ ಸಾಲಿನಲ್ಲಿ ಬರೆಯಲಿ. ಎರಡನ್ನೂ ಬೆರೆಸಿದರೆ ಜನ ವರ್ಷವಿಡೀ ಅವರ ಹಾದಿ ಕಾಯುತ್ತಾರೆ.

ಕಾಮನ್ ಐಡಿ ಮಾಡಿಕೊಡಲು ನಿಮ್ಮ ಆಫೀಸು ಒಪ್ಪದಿದ್ದರೆ, ಒಬ್ಬರ ಹೆಸರೇ ಗತಿಯಾದರೆ, ಅವರ ಪಕ್ಕದಲ್ಲಿ ಇನ್ನೊಬ್ಬರ ಐಡಿಯನ್ನೂ ಕೊಟ್ಟು "ಇಬ್ಬರಿಗೂ ಸೇರಿಸಿ ಬರೆಯಿರಿ" ಅಂತ ಹೇಳಿ. ಒಬ್ಬರು ಹೋದರೂ ಇನ್ನೊಬ್ಬರ ಹತ್ತಿರ ಮೇಲ್ ಇರುತ್ತದೆ. ಕಾಮನ್ ಐಡಿಯಷ್ಟು ಒಳ್ಳೆಯದಲ್ಲ, ಒಬ್ಬರೇ ಇರುವುದಕ್ಕಿಂತ ಎಷ್ಟೋ ಪಾಲು ಒಳ್ಳೆಯದು. ಆ ಇಬ್ಬರಿಗೂ ಒಂದು ಮಾತು ಹೇಳಿಡಿ: ನೀವು ಕೆಲಸ ಬಿಡುವುದಾದರೆ ಮೊದಲು ನನಗೆ ಒಂದು ವಾಟ್ಸಾಪ್ ಹಾಕಿ, ಬಾಸ್‌ಗೆ ಆಮೇಲೆ ಹೇಳಿ.

ಜೂನ್ 9ಕ್ಕೆ ವಾಪಸ್ ಬಂದಾಗ ನಾನು ಮೆಸೇಜನ್ನು ತಕ್ಷಣ ತೆಗೆಯಲಿಲ್ಲ. "ಇವತ್ತು ಮರಳಿದ್ದೇನೆ, ಹಳೆಯ ಮೇಲ್‌ಗಳನ್ನು ಓದಿಲ್ಲ, ಬಾಕಿ ಇರುವುದನ್ನು accounts@ ನಲ್ಲೇ ಮುಂದುವರಿಸಿ" ಅಂತ ಬದಲಾಯಿಸಿ ಗುರುವಾರದವರೆಗೆ ಇಟ್ಟೆ. ಸಾವಿರಕ್ಕೂ ಹೆಚ್ಚು ಮೇಲ್ ಬಿದ್ದಿದ್ದವು. ಮೊದಲು ತೆರೆದದ್ದು ನಟ್ಟು ಬೋಲ್ಟಿನವರದು. ಫೆಬ್ರವರಿಯದು, ಅದರಲ್ಲಿ ಬಿಲ್ಲಿನ ಜೊತೆಗೆ "ಗಂಡೋ ಹೆಣ್ಣೋ ಮೇಡಂ?" ಅಂತಲೂ ಕೇಳಿದ್ದರು.